ಶೆಡ್ಡಿಗೆ ಮುಂಗಡ ಕೊಡುವ ಮೊದಲು ಓದಬೇಕಾದ ಪತ್ರ

ಗದಗ, ಶುಕ್ರವಾರ

ಚಿ. ಸೌ. ಶೈಲಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಚಟ್ನಿಪುಡಿಯ ಕೆಲಸ ದೊಡ್ಡದು ಮಾಡಲು ಬಾಡಿಗೆಗೆ ಶೆಡ್ಡು ಹಿಡಿದು, ಸೋಮವಾರ ಅದಕ್ಕೆ ಮುಂಗಡ ಕೊಡುತ್ತೇನೆಂದು ನೀನು ಹೇಳಿದಾಗ ಫೋನಿನಲ್ಲಿ ನನ್ನ ದನಿ ಏರಿತು. ನೀನು ಮಾತು ಅರ್ಧಕ್ಕೇ ನಿಲ್ಲಿಸಿದೆ. ನಿನಗೆ ನೋವಾಗಿದ್ದರೆ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಅಡುಗೆಮನೆಯ ಒಲೆಯ ಮೇಲೆ ಶುರುವಾದ ಶೇಂಗಾ ಚಟ್ನಿಪುಡಿ ಈಗ ತಿಂಗಳಿಗೆ 300 ಕಿಲೋ ಹೋಗುತ್ತಿದೆ ಎಂಬುದನ್ನು ನಾನು ಇಲ್ಲಿ ಎಷ್ಟು ಜನರ ಮುಂದೆ ಹೇಳಿಕೊಂಡಿದ್ದೇನೆ ಎಂಬುದು ನಿನ್ನ ಅವ್ವನಿಗೆ ಗೊತ್ತು. ನನ್ನ ತಕರಾರು ನಿನ್ನ ಧೈರ್ಯದ ಮೇಲಲ್ಲ, ನೀನು ಕಳಿಸಿದ ಲೆಕ್ಕದ ಮೇಲೆ.

ಆ ಲೆಕ್ಕದಲ್ಲಿ ತಿಂಗಳ ಮಾರಾಟ 1,20,000 ರೂಪಾಯಿ. ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಬಳ್ಳೊಳ್ಳಿ ಮುಂತಾದ ಸಾಮಾನಿಗೆ 62,000, ಪ್ಯಾಕಿಂಗಿಗೆ 8,000, ಇಬ್ಬರು ಹೆಣ್ಣುಮಕ್ಕಳ ಪಗಾರಕ್ಕೆ 18,000, ಗ್ಯಾಸು, ಕರೆಂಟು, ಸಾಗಾಟಕ್ಕೆ 10,000 ಕಳೆದು 22,000 ಲಾಭ ಎಂದು ಬರೆದಿದ್ದೀಯೆ. ಬೆಳಗ್ಗೆ ಐದಕ್ಕೆ ಎದ್ದು ಹುರಿಯುವವಳು ನೀನು, ರಾತ್ರಿ ಪ್ಯಾಕೆಟ್ಟಿಗೆ ಸೀಲು ಹಾಕುವವಳೂ ನೀನು. ನಿನ್ನ ಪಗಾರ ಆ ಹಾಳೆಯಲ್ಲಿ ಎಲ್ಲಿಯೂ ಇಲ್ಲ. ನಿನ್ನ ಜಾಗದಲ್ಲಿ ಇನ್ನೊಬ್ಬರನ್ನು ಇಟ್ಟುಕೊಂಡರೆ 12,000ಕ್ಕೆ ಕಡಿಮೆ ಯಾರೂ ಬರುವುದಿಲ್ಲ. ಹಾಗಾದರೆ ವ್ಯಾಪಾರದ ನಿಜವಾದ ಲಾಭ 10,000. ಮತ್ತೆ ವ್ಯಾಪಾರಕ್ಕೆ ಹಾಕಬಹುದಾದ ಹಣ ಇಷ್ಟೇ.

ಈಗ ಶೆಡ್ಡಿನ ಲೆಕ್ಕ ನೋಡು. ತಿಂಗಳಿಗೆ 600 ಕಿಲೋ ಮಾಡುತ್ತೇನೆ ಎನ್ನುತ್ತೀಯೆ. ಈಗಿನ ಗಿರಾಕಿಗಳು ನಿನ್ನಿಂದ ನೇರವಾಗಿ ಕೊಳ್ಳುವುದರಿಂದ ಕಿಲೋಗೆ 400 ಸಿಗುತ್ತಿದೆ, ಆದರೆ ಹೆಚ್ಚುವರಿ 300 ಕಿಲೋ ಅಂಗಡಿಗಳಿಗೇ ಹೋಗಬೇಕು, ಅವರು ತಮ್ಮ ಪಾಲು ಬಿಟ್ಟು 320 ಕೊಡುತ್ತಾರೆ. ಆಗ ಮಾರಾಟ 2,16,000. ಸಾಮಾನು, ಪ್ಯಾಕಿಂಗು, ಪಗಾರ, ಸಾಗಾಟ ಎಲ್ಲವೂ ಎರಡರಷ್ಟಾಗಿ 1,96,000; ಅದಕ್ಕೆ ಶೆಡ್ಡಿನ ಬಾಡಿಗೆ 9,000, ನಿನ್ನ ಪಗಾರ 12,000 ಸೇರಿದರೆ ಖರ್ಚು 2,17,000. ಮಾಲು ಎರಡರಷ್ಟು ಮಾಡಿ ಕೊನೆಗೆ ಸಾವಿರ ರೂಪಾಯಿ ಕೈಯಿಂದ ಹಾಕಬೇಕು, ಯಂತ್ರಕ್ಕೆ ನೀನು ಮಾಡಲಿರುವ ಸಾಲದ ಕಂತು ಇನ್ನೂ ಇದರಲ್ಲಿ ಸೇರಿಲ್ಲ. ಸಾಮಾನನ್ನು ಒಟ್ಟಿಗೆ ಕೊಂಡರೆ ಸ್ವಲ್ಪ ಅಗ್ಗವಾಗುತ್ತದೆ ಎಂದು ನೀನು ಹೇಳುವುದು ಸರಿ, ಆದರೆ ಒಟ್ಟಿಗೆ ಕೊಳ್ಳಲು ರೊಕ್ಕ ಕೈಯಲ್ಲಿರಬೇಕಲ್ಲ? ನನಗೆ ನಿದ್ದೆ ಬಾರದಿರುವುದು ಈ ಒಂದು ವಿಷಯಕ್ಕೆ.

ನಾನು ಲೆಕ್ಕ ಬರೆಯುತ್ತಿದ್ದ ಎಣ್ಣೆ ಮಿಲ್ಲು ಮುಚ್ಚಿದಾಗ ನೀನು ಚಿಕ್ಕವಳು. ಮುಚ್ಚಿದ ವರ್ಷವೂ ನನ್ನ ಪುಸ್ತಕದಲ್ಲಿ ಲಾಭವೇ ಇತ್ತು ಎಂದರೆ ಜನ ನಂಬುವುದಿಲ್ಲ. ಎಣ್ಣೆ ಚೆನ್ನಾಗಿತ್ತು, ಬೇಡಿಕೆಯೂ ಇತ್ತು. ಆದರೆ ಮಾಲು ಅಂಗಡಿಗಳಿಗೆ ಉದ್ರಿಯಲ್ಲಿ ಹೋಗುತ್ತಿತ್ತು. ಒಂದು ತಿಂಗಳ ವಾಯಿದೆ ಎರಡಾಯಿತು, ಎರಡು ಮೂರಾಯಿತು. ಮುಂಗಾರಿನ ಶೇಂಗಾ ಮಾರುಕಟ್ಟೆಗೆ ಬಂದು ದರ ಇಳಿದಾಗ ಕೊಳ್ಳಲು ಮಾಲೀಕರ ಬಳಿ ನಗದು ಇರಲಿಲ್ಲ. ಅದೇ ಶೇಂಗಾವನ್ನು ದರ ಏರಿದ ಮೇಲೆ ದಲಾಲಿ ಅಂಗಡಿಯಿಂದ ಬಡ್ಡಿಗೆ ತಂದರು. ಮಾರಾಟ ಹೆಚ್ಚಿದಂತೆಲ್ಲ ಉದ್ರಿ ಹೆಚ್ಚಿತು, ಉದ್ರಿ ಹೆಚ್ಚಿದಂತೆಲ್ಲ ಬಡ್ಡಿ ಹೆಚ್ಚಿತು. ದೀಪಾವಳಿಯ ಲಕ್ಷ್ಮೀ ಪೂಜೆಗೆ ಖಾತೆ ಪುಸ್ತಕ ಇಟ್ಟಾಗ ಬರಬೇಕಾದ ಬಾಕಿಯ ಪಟ್ಟಿ ಮೂರು ಹಾಳೆ ತುಂಬಿತ್ತು, ತಿಜೋರಿಯಲ್ಲಿ ಹಮಾಲರ ಕೂಲಿಗೆ ಬೇಕಾದಷ್ಟೂ ಇರಲಿಲ್ಲ. ಆ ಹಾಳೆಗಳನ್ನು ಬರೆದವನು ನಾನೇ ಆದ್ದರಿಂದ ಒಂದೊಂದು ಅಂಗಡಿಯ ಹೆಸರೂ ನನಗೆ ಇಂದಿಗೂ ನೆನಪಿದೆ.

ನಿನಗೂ ಅಂಗಡಿಯವರು 45 ದಿನಗಳ ವಾಯಿದೆ ಕೇಳುತ್ತಿದ್ದಾರೆ. ತಿಂಗಳಿಗೆ 96,000 ರೂಪಾಯಿಯ ಮಾಲು ಅವರಿಗೆ ಹೋದರೆ ಯಾವಾಗ ನೋಡಿದರೂ ನಿನ್ನ 1,44,000 ರೂಪಾಯಿ ಅವರ ಬಳಿ ಇರುತ್ತದೆ. ನಿನ್ನ ಈಗಿನ ಒಂದು ವರ್ಷದ ನಿಜವಾದ ಲಾಭಕ್ಕಿಂತ ಅದು ಹೆಚ್ಚು. ಮೇಲಾಗಿ ಮಾರಾಟವಾಗದ ಪ್ಯಾಕೆಟ್ಟು ತಿರುಗಿ ಬರುತ್ತದೆ, ಮತ್ತು ಶೇಂಗಾದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ ಇರುವುದರಿಂದ, ಬಿಸಿಲು ಬೀಳುವ ಶೆಲ್ಫಿನಲ್ಲಿ ಪಾರದರ್ಶಕ ಕವರಿನಲ್ಲಿದ್ದ ಪುಡಿ ಬೇಗ ಕಮಟು ಹಿಡಿಯುತ್ತದೆ. ಪ್ರತಿ ಸಲ ಮಾಡಿದ ಪುಡಿಯಲ್ಲಿ ನಾಲ್ಕು ಪ್ಯಾಕೆಟ್ಟು ದಿನಾಂಕ ಬರೆದು ಎತ್ತಿಡು. ವಾರಕ್ಕೊಂದು ಒಡೆದು ಮೂಸಿ, ಬಾಯಿಗೆ ಹಾಕಿ ನೋಡು. ಅಂಗಡಿಯವರು ಹೇಳುವ ಮೊದಲೇ ನಿನಗೆ ತಿಳಿಯಬೇಕು.

ಇನ್ನು ಯಂತ್ರದ ವಿಷಯ. ದೊಡ್ಡ ಪಲ್ವರೈಸರ್ ಮತ್ತು ಪ್ಯಾಕಿಂಗ್ ಯಂತ್ರಕ್ಕೆ ಸಾಲ ಮಾಡುವೆ ಎಂದೆ. ಕಳೆದ ಸಲ ಬಂದಾಗ ನಾನು ಸುಮ್ಮನೆ ಕುಳಿತು ಗಮನಿಸಿದ್ದೇನೆ: ನಿಮ್ಮಲ್ಲಿ ಕುಟ್ಟುವುದಕ್ಕೆ ಎರಡು ತಾಸು ಸಾಕಾಗುತ್ತದೆ, ಹುರಿಯುವುದಕ್ಕೆ, ಸಿಪ್ಪೆ ತೆಗೆಯುವುದಕ್ಕೆ ಮತ್ತು ಹಸನು ಮಾಡುವುದಕ್ಕೆ ಇಡೀ ಹಗಲು ಹೋಗುತ್ತದೆ. ಹಾಗಿರುವಾಗ ಕುಟ್ಟುವ ವೇಗ ಹೆಚ್ಚಿಸಿ ಏನು ಬಂತು? ಪಲ್ವರೈಸರ್ ಮೆಣಸಿನಕಾಯಿಗೆ ಒಳ್ಳೆಯದು. ಶೇಂಗಾ ಅದರ ವೇಗಕ್ಕೆ ಬಿಸಿಯಾಗಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ನಿನ್ನ ಪುಡಿಯ ತರಿ ಉಳಿಯುವುದಿಲ್ಲ. ನಿನಗೆ ಬೇಕಾಗಿರುವುದು ಗ್ಯಾಸಿನ ಮೇಲೆ ತಿರುಗುವ ಹುರಿಯುವ ಡ್ರಮ್ಮು, ಅದು ಹಿತ್ತಿಲ ಕೋಣೆಯಲ್ಲೇ ಹಿಡಿಯುತ್ತದೆ. ಆದರೆ ಹಸನು ಮಾಡುವುದನ್ನು ಮಾತ್ರ ಕೈಯಿಂದಲೇ ಮಾಡಿಸು. ಬೂಸ್ಟು ಹಿಡಿದ, ಬಣ್ಣಗೆಟ್ಟ, ಸುಕ್ಕಾದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಡ್ರಮ್ಮು ಬಂದರೆ ಅದೇ ಇಬ್ಬರಿಂದ, ಅದೇ ಮನೆಯಲ್ಲಿ 400 ಕಿಲೋ ಆಗುತ್ತದೆ. ಹೆಚ್ಚಿನ 100 ಕಿಲೋವನ್ನು 320ರಂತೆ ಅಂಗಡಿಗೇ ಕೊಟ್ಟರೂ, ನಿನ್ನ ಪಗಾರ ಕಳೆದು ಸುಮಾರು 15,000 ಉಳಿಯುತ್ತದೆ. ಶೆಡ್ಡಿನಲ್ಲಿ 600 ಕಿಲೋ ಮಾಡಿದಾಗ ಏನೂ ಉಳಿಯುವುದಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡು. ಆ 15,000ವನ್ನು ಬೇರೆ ಖಾತೆಗೆ ಹಾಕುತ್ತಾ ಹೋಗು. ಮೊದಲು ಅದರಲ್ಲಿ ಒಂದು ತಿಂಗಳ ಪೂರ್ತಿ ಖರ್ಚಿನಷ್ಟು ಹಣ ನಿಲ್ಲಲಿ, ಅದನ್ನು ಯಂತ್ರಕ್ಕೆ ಮುಟ್ಟಬೇಡ. ಅದು ಸುಗ್ಗಿಯಲ್ಲಿ ಶೇಂಗಾ ಕೊಳ್ಳುವ ರೊಕ್ಕ. ಅದರ ಮೇಲೆ ಉಳಿದದ್ದು ಶೆಡ್ಡಿಗೆ. ಕಂತಿನ ಸಾಲ ಮಾಡುವುದಾದರೆ ದಸರೆಯ ತಿಂಗಳ ಲಾಭ ನೋಡಿ ಮಾಡಬೇಡ, ಆಷಾಢದ ತಿಂಗಳ ಲಾಭದಲ್ಲಿ ಅರ್ಧಕ್ಕಿಂತ ಕಂತು ಹೆಚ್ಚಾಗಬಾರದು.

ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಕೇಂದ್ರ ಯೋಜನೆಯಲ್ಲಿ 35 ಪ್ರತಿಶತ ಸಬ್ಸಿಡಿ ಇದೆಯೆಂದು ನೀನು ಅದನ್ನು ಬಂಡವಾಳದಲ್ಲಿ ಸೇರಿಸಿದ್ದೀಯೆ. ಆ ಹಣ ನಿನ್ನ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಇದ್ದು, ಕಂತು ಸರಿಯಾಗಿ ಕಟ್ಟಿ ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅಲ್ಲಿಯವರೆಗಿನ ಕಂತು ನಿನ್ನ ಮಾರಾಟದಿಂದಲೇ ಹೋಗಬೇಕು.

ಪತ್ರ ಉದ್ದವಾಯಿತು, ಬುದ್ಧಿ ಹೇಳುವುದೇ ಹೆಚ್ಚಾಯಿತು ಎಂದು ನಿನ್ನ ಅವ್ವ ಹೇಳುತ್ತಿದ್ದಾಳೆ. ನಿರ್ಧಾರ ನಿನ್ನದೇ. ಸೋಮವಾರ ಮುಂಗಡ ಕೊಡುವ ಬದಲು ಒಂದು ವರ್ಷ ಕಾಯಲು ಒಪ್ಪುವರೇ ಎಂದು ಶೆಡ್ಡಿನ ಮಾಲೀಕರನ್ನು ಕೇಳು. ಆಹಾರ ಸುರಕ್ಷತೆಯ ನೋಂದಣಿ ಮನೆಯ ವಿಳಾಸಕ್ಕಷ್ಟೇ ಇರುವುದರಿಂದ ಶೆಡ್ಡಿಗೆ ಹೇಗೂ ಹೊಸ ನೋಂದಣಿ ಇಲ್ಲವೇ ಪರವಾನಗಿ ಬೇಕು. ಆ ಸಮಯವೂ ಅದರಲ್ಲೇ ಸಿಗುತ್ತದೆ. ಕಳೆದ ಆಷಾಢದ ಮಾರಾಟದ ಚೀಟಿಗಳನ್ನೆಲ್ಲ ನನಗೆ ಕಳಿಸು, ರವಿವಾರ ಕೂತು ಕಂತಿನ ಲೆಕ್ಕ ಹಾಕಿಡುತ್ತೇನೆ.

ಇಂತಿ ನಿನ್ನ ಅಪ್ಪ