ಒಪ್ಪಿಗೆಯಿಲ್ಲದೆ ಔಟ್‌ಪುಟ್ ಕೆಪಾಸಿಟರ್ ಬದಲಿಸಿದ್ದರಿಂದ ಕೆಟ್ಟಿರುವ 140 ಬೋರ್ಡ್‌ಗಳ ಬಗ್ಗೆ ದೂರು

ಇಂದ,
ಮಾಲೀಕರು,
ಗೋದಾಮು ಉಷ್ಣಾಂಶ ದಾಖಲು ಯಂತ್ರ ತಯಾರಿಕಾ ಘಟಕ,
ಕಲಬುರಗಿ

ಗೆ,
ವ್ಯವಸ್ಥಾಪಕರು, ಗುಣಮಟ್ಟ ವಿಭಾಗ,
ಬೋರ್ಡ್ ಜೋಡಣೆ ಮಾಡಿಕೊಟ್ಟ ಸಂಸ್ಥೆ

ಮಾನ್ಯರೆ,

ವಿಷಯ: ವಿದ್ಯುತ್ ಭಾಗದ 22 ಮೈಕ್ರೋಫ್ಯಾರಡ್ ಟ್ಯಾಂಟಲಮ್ ಕೆಪಾಸಿಟರ್ ಬದಲಿಗೆ ಸೆರಾಮಿಕ್ ಕೆಪಾಸಿಟರ್ ಹಾಕಿರುವುದು, ಅದರಿಂದ ರೆಗ್ಯುಲೇಟರ್ ಆಂದೋಲನಕ್ಕೆ ಬಿದ್ದಿರುವುದು ಹಾಗೂ ಪರಿಹಾರದ ಬೇಡಿಕೆ.

ತೊಗರಿ ಮತ್ತು ಕಡಲೆ ಚೀಲಗಳನ್ನು ಒಟ್ಟಿದ ಗೋದಾಮುಗಳಲ್ಲಿ ಉಷ್ಣಾಂಶ ಮತ್ತು ತೇವಾಂಶ ಬರೆದಿಟ್ಟು, ಮಿತಿ ಮೀರಿದಾಗ ಫ್ಯಾನ್ ಮತ್ತು ಸೈರನ್ ಚಾಲೂ ಮಾಡುವ ಯಂತ್ರವನ್ನು ನಾವು ತಯಾರಿಸುತ್ತೇವೆ. ಅದರ ಬೋರ್ಡ್‌ಗಳನ್ನು ನಮ್ಮ ನಕ್ಷೆ ಮತ್ತು ಬಿಡಿಭಾಗಗಳ ಪಟ್ಟಿಯಂತೆ ಜೋಡಿಸಿ ಕೊಡಲು ತಮಗೆ ಆದೇಶ ನೀಡಿದ್ದೆವು. ಮೊದಲ ಕಂತಿನ ಬೋರ್ಡ್‌ಗಳಲ್ಲಿ ಒಂದೂ ದೂರು ಬಂದಿರಲಿಲ್ಲ. ಎರಡನೇ ಕಂತಿನ 140 ಬೋರ್ಡ್‌ಗಳಲ್ಲಿ 60ನ್ನು ಆಳಂದ, ಚಿತ್ತಾಪುರ ಮತ್ತು ಸೇಡಂ ಕಡೆಯ ಗೋದಾಮುಗಳಲ್ಲಿ ಅಳವಡಿಸಿದ ಮೂರು ವಾರದೊಳಗೆ 37 ಕಡೆಯಿಂದ ಒಂದೇ ಬಗೆಯ ದೂರು ಬಂದಿದೆ. ಯಂತ್ರ ಸುಮ್ಮನಿರುವಾಗ ಅಳತೆ ಸರಿಯಿರುತ್ತದೆ. ಫ್ಯಾನಿನ ರಿಲೇ ಎಳೆದ ಕೂಡಲೇ ಉಷ್ಣಾಂಶದ ಅಂಕಿ ನಾಲ್ಕೈದು ಡಿಗ್ರಿ ಮೇಲೆ ಕೆಳಗೆ ಜಿಗಿಯುತ್ತದೆ, ಕೆಲವು ಕಡೆ ಯಂತ್ರ ತಾನಾಗಿಯೇ ಮರುಚಾಲೂ ಆಗುತ್ತದೆ. ಚಿತ್ತಾಪುರದ ಒಬ್ಬ ದಾಲ್ ಮಿಲ್ ಮಾಲೀಕರು, ರಾತ್ರಿಯಿಡೀ ಸೈರನ್ ಕೂಗಿ ನಿಲ್ಲುವುದನ್ನು ಕೇಳಿ, ಬೇಳೆ ಬಿಸಿಯಾಗಿದೆಯೆಂದು ಹೆದರಿ ಹಮಾಲರನ್ನು ಕರೆಸಿ 200 ಚೀಲ ಕೆಳಗಿಳಿಸಿ ನೋಡಿದರು. ಬೇಳೆ ತಣ್ಣಗಿತ್ತು. ಆ ಕೂಲಿಯನ್ನು ನಾನು ಕೈಯಿಂದ ಕೊಟ್ಟು ಬಂದಿದ್ದೇನೆ.

ಹಿಂದಿರುಗಿ ತಂದ ಬೋರ್ಡ್ ಅನ್ನು ನಮ್ಮ ಮೇಜಿನ ಮೇಲೆ ಇಟ್ಟು ಮಲ್ಟಿಮೀಟರ್‌ನಿಂದ ನೋಡಿದಾಗ 5 ವೋಲ್ಟ್ ಸರಿಯಾಗಿಯೇ ಕಾಣಿಸಿತು. ತಮ್ಮ ಅಂತಿಮ ಪರೀಕ್ಷೆಯಲ್ಲಿ ಈ ದೋಷ ಸಿಕ್ಕದಿರುವುದಕ್ಕೂ ಇದೇ ಕಾರಣವೆಂದು ಭಾವಿಸುತ್ತೇನೆ, ಏಕೆಂದರೆ ಮಲ್ಟಿಮೀಟರ್ ತೋರಿಸುವುದು ಸರಾಸರಿಯನ್ನು ಮಾತ್ರ. ಆಸಿಲೋಸ್ಕೋಪ್ ಹಚ್ಚಿ, ರೆಗ್ಯುಲೇಟರ್‌ನ ಔಟ್‌ಪುಟ್‌ಗೆ 15 ಓಮ್, 5 ವಾಟ್‌ನ ರೆಸಿಸ್ಟರ್ ಜೋಡಿಸಿ ಸುಮಾರು 330 ಮಿಲಿಆಂಪಿಯರ್ ಎಳೆದಾಗ ನಿಜ ಸ್ಥಿತಿ ಗೊತ್ತಾಯಿತು: ಗೆರೆ ಇರಬೇಕಾದಲ್ಲಿ ಹಲ್ಲುಹಲ್ಲಾದ ಅಲೆ, ಶಿಖರದಿಂದ ತಳಕ್ಕೆ ಸುಮಾರು 600 ಮಿಲಿವೋಲ್ಟ್. ಹೊರೆಯನ್ನು 60 ಮಿಲಿಆಂಪಿಯರ್‌ಗೆ ಇಳಿಸಿದರೆ ಅಲೆ ಅಡಗುತ್ತದೆ. ಹಳೆಯ ಕಂತಿನ ಬೋರ್ಡ್‌ಗೆ ಅದೇ ಹೊರೆ ಹಾಕಿದರೆ ಒಂದು ಸಣ್ಣ ತಗ್ಗು ಬಿದ್ದು, ಗೆರೆ ತಕ್ಷಣ ನೆಟ್ಟಗಾಗುತ್ತದೆ.

ಎರಡೂ ಬೋರ್ಡ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದೇ ಒಂದು ವ್ಯತ್ಯಾಸ ಕಂಡಿತು. ರೆಗ್ಯುಲೇಟರ್ ಪಕ್ಕದಲ್ಲಿ, ಒಂದು ತುದಿಗೆ ಪಟ್ಟಿ ಎಳೆದ ಹಳದಿ ಟ್ಯಾಂಟಲಮ್ ಇರಬೇಕಾದ ಜಾಗದಲ್ಲಿ, ಗುರುತಿಲ್ಲದ ಕಂದು ಬಣ್ಣದ ಸೆರಾಮಿಕ್ ಚಿಪ್ ಒಂದು ಅಗಲವಾದ ಪ್ಯಾಡಿನ ನಡುವೆ ಬೆಸುಗೆಯಿಂದ ಎಳೆದಾಡಿಕೊಂಡು ಕೂತಿದೆ. ಪ್ಯಾಡಿನ ಅಳತೆಗೂ ಹೊಂದದ ಭಾಗವನ್ನು ಹಾಕುವಾಗಲಾದರೂ ಒಂದು ಫೋನ್ ಮಾಡಬಹುದಿತ್ತು.

ನಾನು ಈ ಕುರಿತು ಫೋನ್ ಮಾಡಿದಾಗ ತಮ್ಮ ಎಂಜಿನಿಯರರು, ಟ್ಯಾಂಟಲಮ್ ಸಿಗದ ಕಾರಣ ಅಷ್ಟೇ ಮೌಲ್ಯದ, ಅದಕ್ಕಿಂತ ಉತ್ತಮವಾದ ಕೆಪಾಸಿಟರ್ ಹಾಕಲಾಗಿದೆ, ಅದರ ಒಳರೋಧ ಬಹಳ ಕಡಿಮೆ, ಆದ್ದರಿಂದ ದೋಷ ಬೇರೆಲ್ಲೋ ಇದೆ ಎಂದು ಉತ್ತರಿಸಿದರು. ಈ ಮಾತನ್ನು ಒಪ್ಪಲು ಸಾಧ್ಯವಿಲ್ಲ. ನಮ್ಮ ದೋಷಕ್ಕೆ ಮೂಲವೇ ಆ ಕಡಿಮೆ ಒಳರೋಧ. ಅದನ್ನು ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ.

ನಮ್ಮ ಯಂತ್ರಕ್ಕೆ 6 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿ ಇದೆ. ಕರೆಂಟ್ ಇದ್ದು ಚಾರ್ಜ್ ಆಗುವಾಗ ಅದು 7.2 ವೋಲ್ಟ್ ವರೆಗೆ ಏರುತ್ತದೆ. ಕರೆಂಟ್ ಹೋದ ಮೇಲೆ 6ರ ಆಸುಪಾಸಿಗೆ ಇಳಿದು, ಖಾಲಿಯಾಗುವ ಹೊತ್ತಿಗೆ 5.4 ವೋಲ್ಟ್‌ಗೆ ಬರುತ್ತದೆ. ಅಷ್ಟರವರೆಗೂ ನಮಗೆ 5 ವೋಲ್ಟ್ ಬೇಕು. ಅಂದರೆ ರೆಗ್ಯುಲೇಟರ್ ತನಗಾಗಿ ಇಟ್ಟುಕೊಳ್ಳಬಹುದಾದದ್ದು ಕೇವಲ 0.4 ವೋಲ್ಟ್. ಇದನ್ನೇ ಡ್ರಾಪ್‌ಔಟ್ ವೋಲ್ಟೇಜ್ ಎನ್ನುತ್ತೇವೆ. ಸಾಮಾನ್ಯ 7805ಗೆ ಸುಮಾರು 2 ವೋಲ್ಟ್ ಬೇಕು, ಏಕೆಂದರೆ ಅದರ ಪಾಸ್ ಟ್ರಾನ್ಸಿಸ್ಟರ್ ಎನ್‌ಪಿಎನ್ ಜಾತಿಯದು. ಅದರ ಎಮಿಟರ್ ಔಟ್‌ಪುಟ್ ಕಡೆಗಿರುವುದರಿಂದ ಬೇಸ್ ಅನ್ನು ಔಟ್‌ಪುಟ್‌ಗಿಂತ ಮೇಲೆ ಹಿಡಿದಿಡಬೇಕು. ಈ ಕಾರಣಕ್ಕೆ ಪಿಎನ್‌ಪಿ ಪಾಸ್ ಟ್ರಾನ್ಸಿಸ್ಟರ್ ಇರುವ ಎಲ್‌ಎಂ 2940 ಆರಿಸಿದೆವು. ಅದರಲ್ಲಿ ಎಮಿಟರ್ ಬ್ಯಾಟರಿ ಕಡೆಗೆ, ಕಲೆಕ್ಟರ್ ಔಟ್‌ಪುಟ್ ಕಡೆಗೆ ಇರುತ್ತದೆ. ನಷ್ಟವಾಗುವುದು ಟ್ರಾನ್ಸಿಸ್ಟರ್‌ನ ಸ್ಯಾಚುರೇಶನ್ ವೋಲ್ಟೇಜ್ ಮಾತ್ರ. 1 ಆಂಪಿಯರ್‌ನಲ್ಲಿ ಸಾಮಾನ್ಯವಾಗಿ 0.5 ವೋಲ್ಟ್, 100 ಮಿಲಿಆಂಪಿಯರ್‌ನಲ್ಲಿ ಸುಮಾರು 0.11 ವೋಲ್ಟ್. ನಮ್ಮ 350 ಮಿಲಿಆಂಪಿಯರ್ ಹೊರೆ ಇವೆರಡರ ನಡುವೆ ಬರುತ್ತದೆ.

ಆದರೆ ಈ ಅನುಕೂಲಕ್ಕೆ ಬೆಲೆ ತೆರಬೇಕಾಗುತ್ತದೆ. ಎಮಿಟರ್‌ನಿಂದ ಔಟ್‌ಪುಟ್ ಕೊಡುವ ರೆಗ್ಯುಲೇಟರ್‌ನ ಒಳರೋಧ ಸಹಜವಾಗಿಯೇ ಕಡಿಮೆ. ಕಲೆಕ್ಟರ್‌ನಿಂದ ಕೊಡುವುದರಲ್ಲಿ ಅದು ಹೆಚ್ಚು. ಹಾಗಾಗಿ ಔಟ್‌ಪುಟ್ ಕೆಪಾಸಿಟರ್ ಮತ್ತು ಹೊರೆ ಸೇರಿ ಒಂದು ವಿಳಂಬ ಉಂಟುಮಾಡುತ್ತವೆ. ಒಳಗಿನ ಆಂಪ್ಲಿಫಯರ್ ಇನ್ನೊಂದು ವಿಳಂಬ ಸೇರಿಸುತ್ತದೆ. ಎರಡೂ ಕೂಡಿ 180 ಡಿಗ್ರಿ ಹತ್ತಿರ ಬಂದಾಗಲೂ ಲೂಪಿನ ಗಳಿಕೆ ಒಂದಕ್ಕಿಂತ ಹೆಚ್ಚಿದ್ದರೆ, ತಪ್ಪು ತಿದ್ದಬೇಕಾದ ಸಂಕೇತವೇ ತಪ್ಪನ್ನು ಹಿಗ್ಗಿಸುತ್ತದೆ. ಇದನ್ನು ತಡೆಯುವುದು ಕೆಪಾಸಿಟರ್‌ನೊಳಗಿನ ಸರಣಿ ರೋಧ, ಅಂದರೆ ಇಎಸ್‌ಆರ್. ಒಂದು ಆವರ್ತನದ ಮೇಲೆ ಕೆಪಾಸಿಟರ್ ಬರೀ ರೋಧದಂತೆ ವರ್ತಿಸತೊಡಗಿ, ಕಳೆದುಹೋದ ಫೇಸ್ ಅನ್ನು ಹಿಂದಕ್ಕೆ ತರುತ್ತದೆ. ಆ ಆವರ್ತನದ ಲೆಕ್ಕ ಹೀಗಿದೆ:

```
f = 1 / (2 × π × C × ESR)
```

ನಾವು ಸೂಚಿಸಿದ ಟ್ಯಾಂಟಲಮ್‌ನ ಇಎಸ್‌ಆರ್ ಸುಮಾರು 0.5 ಓಮ್. 22 ಮೈಕ್ರೋಫ್ಯಾರಡ್‌ಗೆ ಇದನ್ನು ಹಾಕಿದರೆ 14.5 ಕಿಲೋಹರ್ಟ್ಸ್ ಬರುತ್ತದೆ. ಲೂಪಿನ ಗಳಿಕೆ ಒಂದಕ್ಕೆ ಇಳಿಯುವ ಮೊದಲೇ ಫೇಸ್ ಚೇತರಿಸಿಕೊಳ್ಳುತ್ತದೆ. ತಾವು ಹಾಕಿದ ಸೆರಾಮಿಕ್‌ನ ಇಎಸ್‌ಆರ್ 5 ಮಿಲಿಓಮ್ ಎಂದುಕೊಂಡರೂ ಆ ಆವರ್ತನ ನೂರು ಪಟ್ಟು ಮೇಲೇರಿ 1.45 ಮೆಗಾಹರ್ಟ್ಸ್ ಆಗುತ್ತದೆ. ಅಷ್ಟು ಮೇಲೆ ಬರುವ ಸಹಾಯ ಲೂಪಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಎಲ್‌ಎಂ 2940ಗೆ ಕನಿಷ್ಠ 22 ಮೈಕ್ರೋಫ್ಯಾರಡ್ ಮತ್ತು ಸರಿಸುಮಾರು 0.1 ರಿಂದ 1 ಓಮ್ ನಡುವಿನ ಇಎಸ್‌ಆರ್ ಬೇಕು. ಮೇಲಿನ ಮಿತಿಯೂ ಅಷ್ಟೇ ಮುಖ್ಯ: ರೋಧ ವಿಪರೀತವಾದರೆ ಲೂಪಿನ ಗಳಿಕೆ ಇಳಿಯದೆ ಮುಂದುವರಿದು ಚಿಪ್ಪಿನೊಳಗಿನ ಬೇರೆ ವಿಳಂಬಗಳಿಗೆ ಸಿಕ್ಕಿ ಮತ್ತೆ ಆಂದೋಲನವಾಗುತ್ತದೆ. ಅಗ್ಗದ ಅಲ್ಯೂಮಿನಿಯಂ ಎಲೆಕ್ಟ್ರೋಲೈಟಿಕ್ ಬೇಡವೆಂದು ನಾವು ಹೇಳಿದ್ದೂ ಇದಕ್ಕೇ. ಮೇ ತಿಂಗಳಲ್ಲಿ ಇಲ್ಲಿನ ತಗಡಿನ ಗೋದಾಮಿನೊಳಗೆ ಅದರ ದ್ರವ ವರ್ಷದಿಂದ ವರ್ಷಕ್ಕೆ ಒಣಗಿ ಇಎಸ್‌ಆರ್ ಏರುತ್ತಾ ಹೋಗುತ್ತದೆ.

ಹೊರೆ ಹೆಚ್ಚಾದಾಗ ಮಾತ್ರ ದೋಷ ಕಾಣಿಸುವುದೂ ಇದಕ್ಕೆ ಹೊಂದುತ್ತದೆ. ಪ್ರವಾಹ ಹೆಚ್ಚಿದಂತೆ ಪಾಸ್ ಟ್ರಾನ್ಸಿಸ್ಟರ್‌ನ ಗಳಿಕೆ ಹೆಚ್ಚಿ, ಲೂಪ್ ಇನ್ನೂ ಮೇಲಿನ ಆವರ್ತನದವರೆಗೆ ಚುರುಕಾಗಿರುತ್ತದೆ, ಫೇಸ್ ಉಳಿದಿರುವುದಿಲ್ಲ. ಇದರ ಜೊತೆಗೆ, 6.3 ವೋಲ್ಟ್ ದರ್ಜೆಯ ಸಣ್ಣ ಸೆರಾಮಿಕ್ ಚಿಪ್‌ಗೆ 5 ವೋಲ್ಟ್ ಬಿದ್ದಾಗ ಅದರ ಸಾಮರ್ಥ್ಯ ಅರ್ಧದಷ್ಟಕ್ಕೆ ಇಳಿಯುವುದು ಸಾಮಾನ್ಯ. ಚೀಟಿಯ ಮೇಲೆ 22 ಇದ್ದರೂ ಬೋರ್ಡಿನಲ್ಲಿ ಕೆಲಸ ಮಾಡುವುದು 11ರ ಆಸುಪಾಸು. ಕನಿಷ್ಠ ಮಿತಿಯನ್ನೂ ಅದು ಮುಟ್ಟುವುದಿಲ್ಲ.

ಈ ಕಾರಣವನ್ನು ಊಹೆಗೆ ಬಿಡದೆ ಪರೀಕ್ಷಿಸಿದ್ದೇನೆ. ತಮ್ಮದೇ ಬೋರ್ಡಿನಲ್ಲಿ ಆ ಸೆರಾಮಿಕ್‌ನ ಒಂದು ತುದಿ ಎತ್ತಿ, ಅದರ ಸರಣಿಯಲ್ಲಿ 0.47 ಓಮ್ ರೆಸಿಸ್ಟರ್ ಬೆಸೆದು ಅದೇ 15 ಓಮ್ ಹೊರೆ ಹಾಕಿದೆ. ಅಲೆ ಪೂರ್ತಿ ನಿಂತಿತು. ರೆಸಿಸ್ಟರ್ ಎರಡೂ ತುದಿಗಳನ್ನು ಸಣ್ಣ ತಂತಿಯಿಂದ ಕೂಡಿಸಿದರೆ ಮತ್ತೆ ಶುರುವಾಯಿತು, ತೆಗೆದರೆ ನಿಂತಿತು. ಐದು ಬೋರ್ಡ್‌ಗಳಲ್ಲಿ ಇದನ್ನೇ ಮಾಡಿ ನೋಡಿದ್ದೇನೆ. ಆದರೂ ಇದನ್ನು ದುರಸ್ತಿಯೆಂದು ಒಪ್ಪಲಾರೆ: ಸಾಮರ್ಥ್ಯದ ಕೊರತೆ ಹಾಗೆಯೇ ಉಳಿಯುತ್ತದೆ.

ತಾವು ಇಮೇಲ್‌ನಲ್ಲಿ ಸೂಚಿಸಿದ ಪರ್ಯಾಯ, ಅಂದರೆ ಎಲ್‌ಎಂ 1117ನ್ನು ಉಚಿತವಾಗಿ ಹಾಕಿಕೊಡುವುದು, ನಮಗೆ ಬೇಡ. ಅದರ ಡ್ರಾಪ್‌ಔಟ್ ಸುಮಾರು 1.1 ರಿಂದ 1.2 ವೋಲ್ಟ್. ಬ್ಯಾಟರಿ 6.2ಕ್ಕಿಂತ ಕೆಳಗೆ ಬಂದರೆ 5 ವೋಲ್ಟ್ ಕೊಡಲಾರದು. ಕರೆಂಟ್ ಹೋದ ಸ್ವಲ್ಪ ಹೊತ್ತಿಗೇ ನಮ್ಮ ಯಂತ್ರ ಕೆಡುತ್ತದೆ. ಅದೂ ಅಲ್ಲದೆ ಆ ಭಾಗಕ್ಕೂ 0.3 ಓಮ್‌ಗಿಂತ ಹೆಚ್ಚಿನ ಇಎಸ್‌ಆರ್ ಬೇಕೆಂದು ಅದರ ಡೇಟಾಶೀಟ್ ಹೇಳುತ್ತದೆ, ಹಾಗಾಗಿ ತಮ್ಮ ಸೆರಾಮಿಕ್ ಅಲ್ಲಿಯೂ ಸಲ್ಲುವುದಿಲ್ಲ. ಸೆರಾಮಿಕ್ ಜೊತೆ ಸ್ಥಿರವಾಗಿ ನಡೆಯುವಂತೆಯೇ ವಿನ್ಯಾಸಗೊಂಡ ಪಿ-ಮಾಸ್ಫೆಟ್ ರೆಗ್ಯುಲೇಟರ್‌ಗಳಿವೆ. ಅವುಗಳ ಡ್ರಾಪ್‌ಔಟ್ ಇನ್ನೂ ಕಡಿಮೆ ಸಿಗುತ್ತದೆ, ಬೇಸ್ ಪ್ರವಾಹದ ನಷ್ಟವೂ ಇರುವುದಿಲ್ಲ. ಮುಂದಿನ ಆವೃತ್ತಿಗೆ ನಾನೇ ಅವನ್ನು ನೋಡುತ್ತಿದ್ದೇನೆ. ಆದರೆ ಸಣ್ಣ ಗಾತ್ರದ ಹಲವು ಅಂಥ ಭಾಗಗಳ ಇನ್‌ಪುಟ್ ಮಿತಿ 5.5 ವೋಲ್ಟ್, ನಮ್ಮ ಬ್ಯಾಟರಿಯ 7.2 ವೋಲ್ಟ್‌ಗೆ ಅವು ತಾಳುವುದಿಲ್ಲ. ಆ ಆಯ್ಕೆ ನಾವು ಪರೀಕ್ಷಿಸಿ ಮಾಡಬೇಕಾದದ್ದು, ಜೋಡಣೆಯ ಹಂತದಲ್ಲಿ ತಾವು ಮಾಡುವಂಥದ್ದಲ್ಲ.

ಆದ್ದರಿಂದ 140 ಬೋರ್ಡ್‌ಗಳಲ್ಲಿಯೂ ಪಟ್ಟಿಯಲ್ಲಿರುವ 22 ಮೈಕ್ರೋಫ್ಯಾರಡ್, 16 ವೋಲ್ಟ್ ಟ್ಯಾಂಟಲಮ್ ಅನ್ನೇ ತಮ್ಮ ಖರ್ಚಿನಲ್ಲಿ ಹಾಕಿಸಿ, ಪ್ರತಿ ಬೋರ್ಡನ್ನೂ 5.6 ಮತ್ತು 7.2 ವೋಲ್ಟ್ ಇನ್‌ಪುಟ್‌ನಲ್ಲಿ 15 ಓಮ್ ಹೊರೆಯೊಂದಿಗೆ ಆಸಿಲೋಸ್ಕೋಪ್‌ನಲ್ಲಿ ನೋಡಿ, ಅಲೆ ಇಲ್ಲವೆಂದು ಬರೆದು ಕೊಡಬೇಕೆಂದು ಕೋರುತ್ತೇನೆ. ಸದ್ಯ ದೂರು ಬಾರದ ಬೋರ್ಡ್‌ಗಳನ್ನೂ ಬಿಡಬಾರದು. ಅವುಗಳ ಹೊರೆ ಇನ್ನೂ ಏರಿಲ್ಲ, ಅಷ್ಟೇ. ಟ್ಯಾಂಟಲಮ್ ಬೆಸೆಯುವಾಗ ಪಟ್ಟಿಯಿರುವ ತುದಿ ಧನ ಎಂಬುದನ್ನು ಕೆಲಸಗಾರರಿಗೆ ತಿಳಿಸಬೇಕು, ತಿರುಗಿಸಿ ಹಾಕಿದರೆ ಅದು ಸುಟ್ಟುಹೋಗುತ್ತದೆ. 37 ಗೋದಾಮುಗಳಿಗೆ ಹೋಗಿ ಬಂದ ವೆಚ್ಚ ಮತ್ತು ಚಿತ್ತಾಪುರದ ಕೂಲಿಯ ರಸೀದಿಗಳನ್ನು, ಎರಡೂ ಕಂತಿನ ಬೋರ್ಡ್‌ಗಳ ಅಲೆಚಿತ್ರಗಳನ್ನು, ಸರಣಿ ರೆಸಿಸ್ಟರ್ ಹಾಕಿದ ಒಂದು ಬೋರ್ಡನ್ನು ಈ ಪತ್ರದೊಂದಿಗೆ ಕಳುಹಿಸುತ್ತಿದ್ದೇನೆ. ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬರಬೇಕು. ಮುಂಗಾರಿನ ತೇವ ಗೋದಾಮು ಸೇರುವ ಮೊದಲು ಯಂತ್ರಗಳು ಮತ್ತೆ ಗೋಡೆಯ ಮೇಲೆ ಇರಬೇಕಾಗಿದೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಸ್ಥಳ: ಕಲಬುರಗಿ