ಅಜ್ಜನ ವಾಚಿಗೆ ಪಾಲಿಶ್ ಬೇಡ ಅಪ್ಪಯ್ಯ

ಫೋರ್ಟ್ಸ್‌ಹೈಮ್, ಜರ್ಮನಿ
ಭಾನುವಾರ ಸಂಜೆ

ಅಪ್ಪಯ್ಯನಿಗೆ ನಮಸ್ಕಾರ.

ತಮ್ಮನ ಮದುವೆಗೆ ಮುಂಚೆ ಅಜ್ಜನ ಎಚ್‌ಎಂಟಿ ಜನತಾ ವಾಚನ್ನೂ ನಾನು ತಂದುಕೊಟ್ಟ ಸ್ಟೀಲ್ ವಾಚನ್ನೂ ಶಿವಮೊಗ್ಗಕ್ಕೆ ತಗೊಂಡು ಹೋಗಿ ಬಟ್ಟೆ ಚಕ್ರದಲ್ಲಿ ಬಫ್ ಹೊಡೆಸಿ ಪಾಲಿಶ್ ಮಾಡಿಸಿಕೊಂಡು ಬರ್ತೀರಂತೆ, ನಿನ್ನೆ ಅಮ್ಮ ಹೇಳಿದಳು. ಆಮೇಲೆ ಲೈನ್ ಕಟ್ಟಾಯಿತು. ತೀರ್ಥಹಳ್ಳಿ ಕಡೆ ಮಳೆ ಬಂದರೆ ಫೋನಿನಲ್ಲಿ ಅರ್ಧ ಮಾತು ಕೇಳುತ್ತೆ, ಅರ್ಧ ಇಲ್ಲ. ಇದು ಅರ್ಧ ಕೇಳಿಸಿಕೊಂಡು ಮಾಡುವ ಕೆಲಸ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸ್ಟೀಲ್ ವಾಚಿನ ಗೀರು ತೆಗೆಯಬಹುದು, ಅದೂ ಮನೆಯಲ್ಲೇ. ಅಜ್ಜನ ವಾಚಿನ ಲೋಹದ ಕೇಸನ್ನು ಮಾತ್ರ ದಯವಿಟ್ಟು ಬಫ್ ಚಕ್ರಕ್ಕೆ ಕೊಡಬೇಡಿ.

ಪಾಲಿಶ್ ಮಾಡಿದರೆ ಗೀರು ಮುಚ್ಚಿಕೊಳ್ಳುತ್ತೆ ಅಂತ ನಾನೂ ಇಲ್ಲಿ ವಾಚ್ ರಿಪೇರಿ ಕೆಲಸಕ್ಕೆ ಸೇರುವವರೆಗೂ ಅಂದುಕೊಂಡಿದ್ದೆ. ಹಾಗಲ್ಲ ಅದು. ಮಳೆಗಾಲ ಮುಗಿದ ಮೇಲೆ ನಮ್ಮ ಅಂಗಳದಲ್ಲಿ ನೀರು ಹರಿದ ಕೊರಕಲು ಬಿದ್ದಿರುತ್ತಲ್ಲ, ನಾವು ಬೇರೆ ಕಡೆಯಿಂದ ಮಣ್ಣು ತಂದು ತುಂಬುತ್ತೇವೆ. ವಾಚಿಗೆ ತಂದು ತುಂಬೋಕೆ ಏನೂ ಇಲ್ಲ. ಕೊರಕಲಿನ ತಳ ಎಷ್ಟು ಕೆಳಗಿದೆಯೋ ಅಷ್ಟು ಕೆಳಗಿನವರೆಗೆ ಇಡೀ ಅಂಗಳವನ್ನೇ ಕೆತ್ತಿ ಇಳಿಸಿದರೆ ಹೇಗಿರುತ್ತೆ? ಪಾಲಿಶ್ ಅಂದರೆ ಅದೇ. ಗೀರಿನ ಸುತ್ತ ಇರುವ ಲೋಹವೇ ಸವೆಯುತ್ತೆ. ಕೂದಲೆಳೆಯಂಥ ಗೀರಾದರೆ ಇಳಿಸಬೇಕಾದ್ದು ತೀರಾ ಕಡಿಮೆ, ಅದಕ್ಕೆ ನಷ್ಟ ಗೊತ್ತೇ ಆಗಲ್ಲ. ಗೀರು ಆಳವಾದಷ್ಟೂ ತೆರಬೇಕಾದ್ದು ಜಾಸ್ತಿ.

ಈಗ ಅಜ್ಜನ ವಾಚು. 1974ರಲ್ಲಿ ಅಡಿಕೆ ಮಾರಿದ ದುಡ್ಡಲ್ಲಿ ಗಾಂಧಿ ಬಜಾರಿನಲ್ಲಿ ಕೊಂಡಿದ್ದು ಅಂತ ನೀವೇ ಹೇಳ್ತಿದ್ರಲ್ಲ. ಬೆಳ್ಳಗೆ ಹೊಳೆಯುತ್ತೆ ಅಂತ ಅದು ಸ್ಟೀಲ್ ಅಲ್ಲ ಅಪ್ಪಯ್ಯ. ಒಳಗಿರೋದು ಹಿತ್ತಾಳೆ. ಅದರ ಮೇಲೆ ನಿಕ್ಕಲ್, ನಿಕ್ಕಲ್ ಮೇಲೆ ಕ್ರೋಮ್. ಮೇಲಿನ ಆ ಕ್ರೋಮ್ ಸಾಮಾನ್ಯವಾಗಿ ಒಂದು ಮೈಕ್ರಾನ್ ಕೂಡ ಇರಲ್ಲ, ಅಂದರೆ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದು ಪಾಲಿಗಿಂತ ಕಮ್ಮಿ. ಅದರಲ್ಲಿ ಇಳಿಸೋಕೆ ಏನಿದೆ ಹೇಳಿ. ವಾಚನ್ನು ತಿರುಗಿಸಿ ನೋಡಿ, ಹಿಂದಿನ ಮುಚ್ಚಳದ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್ ಅಂತ ಇಂಗ್ಲಿಷಿನಲ್ಲಿ ಕೊರೆದಿದ್ದರೆ ಮುಚ್ಚಳ ಮಾತ್ರ ಸ್ಟೀಲು ಅಂತ ಅರ್ಥ, ಮೈ ಅಲ್ಲ. ಇನ್ನೂ ಅನುಮಾನ ಇದ್ದರೆ ಪಟ್ಟಿ ಬಿಚ್ಚಿ, ಪಟ್ಟಿ ಸಿಕ್ಕಿಸುವ ನಾಲ್ಕು ಕಿವಿಗಳ ಒಳಮೈ ನೋಡಿ. ಎಡಗಡೆ ಕೆಳಗಿನ ಕಿವಿಯಲ್ಲಿ ಅಕ್ಕಿಕಾಳಿನಷ್ಟು ಹಳದಿ ಕಾಣುತ್ತೆ. ಚಿಕ್ಕವನಿದ್ದಾಗ ಅದನ್ನು ಉಗುರಲ್ಲಿ ಕೆರೆದು ಬೈಸಿಕೊಂಡಿದ್ದೆ, ಕೊಳೆ ಅಂದುಕೊಂಡಿದ್ದೆ ಆಗ. ಅದು ಕೊಳೆಯಲ್ಲ, ಅಜ್ಜನ ಕೈ ಬೆವರಿಗೆ ಲೇಪ ಹೋಗಿ ಹಿತ್ತಾಳೆಯೇ ಹೊರಗೆ ಬಂದಿರೋದು.

ಬಫ್ ಚಕ್ರ ಮಿನಿಟಿಗೆ ಎರಡು ಮೂರು ಸಾವಿರ ಸುತ್ತು ತಿರುಗುತ್ತೆ. ಮೊದಲು ಸವೆಯೋದು ಅಂಚು ಮತ್ತು ಕಿವಿಗಳ ತುದಿ, ಯಾಕಂದ್ರೆ ಚಕ್ರ ಅಲ್ಲೇ ಬಿಗಿಯಾಗಿ ಒತ್ತುತ್ತೆ. ಅಂಗಡಿಯಿಂದ ಬಂದಾಗ ಫಳಫಳ ಅನ್ನುತ್ತೆ, ಬೆಳಕಿಗೆ ಹಿಡಿದರೆ ಮೂಲೆಗಳಲ್ಲಿ ತಿಳಿ ಹಳದಿ ಛಾಯೆ. ಎಷ್ಟು ಉಜ್ಜಿದರೂ ಅದು ಹೋಗಲ್ಲ, ಉಜ್ಜಿದಷ್ಟೂ ದೊಡ್ಡದಾಗುತ್ತೆ. ಬರೀ ಹಿತ್ತಾಳೆಗೆ ಬೆವರು ತಾಗಿದರೆ ಹಸಿರು ಕಿಲುಬು ಕಟ್ಟುತ್ತೆ, ನಮ್ಮ ದೇವರ ಮನೆಯ ದೀಪಕ್ಕೆ ಕಟ್ಟುವ ಹಾಗೆ. ಇದನ್ನು ನಾನು ಓದಿ ತಿಳಿದಿದ್ದಲ್ಲ. ಸೇರಿದ ಹೊಸದರಲ್ಲಿ ಒಬ್ಬ ಅಜ್ಜಿಯ ಚಿನ್ನದ ಲೇಪದ ವಾಚನ್ನು ಇನ್ನೊಂಚೂರು, ಇನ್ನೊಂಚೂರು ಅಂತ ಉಜ್ಜಿ ಒಂದು ಕಿವಿಯ ಚಿನ್ನ ಪೂರಾ ಕಳೆದೆ. ಅದು ಅವರ ಗಂಡನ ವಾಚು. ಮತ್ತೆ ಲೇಪ ಹಾಕಿಸಿಕೊಟ್ಟೆವು, ಆದರೆ ಅದಕ್ಕೆ ಹಳೇ ಲೇಪವನ್ನೆಲ್ಲ ತೆಗೆದು ಹಿತ್ತಾಳೆಯನ್ನೇ ತೀಡಬೇಕಾಯಿತು, ಆಕಾರ ಮೊದಲಿನ ಹಾಗೆ ಉಳಿಯಲಿಲ್ಲ. ಅವರು ಹೆಬ್ಬೆರಳಲ್ಲಿ ಆ ಅಂಚನ್ನು ಸವರಿ ನೋಡಿದ್ದು ಇನ್ನೂ ಕಣ್ಣ ಮುಂದಿದೆ.

ಹಾಗಾದರೆ ಅಜ್ಜನ ವಾಚು ಹಳೇದಾಗಿ ಕಾಣೋದಕ್ಕೆ ಏನೂ ಮಾಡೋಕಾಗಲ್ವಾ ಅಂದರೆ, ಆಗುತ್ತೆ. ಅದು ಮಂಕಾಗಿ ಕಾಣೋದು ಮುಕ್ಕಾಲು ಪಾಲು ಕೇಸಿನಿಂದಲ್ಲ, ಗಾಜಿನಿಂದ. ಅದು ನಿಜವಾದ ಗಾಜಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್. ಮೆತ್ತಗಿರುತ್ತೆ, ಬೇಗ ಗೀರು ಬೀಳುತ್ತೆ, ಬೇಗ ಹೋಗುತ್ತೆ ಕೂಡ. ಗಾಜಿನ ಸುತ್ತ ಇರುವ ಕ್ರೋಮಿನ ಮೇಲೆ ಸೆಲ್ಲೋಟೇಪು ಅಂಟಿಸಿ, ಇಲ್ಲವಾದರೆ ಪೇಸ್ಟು ಅದನ್ನೂ ತಿನ್ನುತ್ತೆ. ಕೀ ಕೊಡುವ ಗುಂಡಿ ಪೂರ್ತಿ ಒಳಗೆ ಒತ್ತಿರಲಿ. ಬಿಳಿ ಟೂತ್‌ಪೇಸ್ಟು, ಜೆಲ್ ಅಲ್ಲ, ಒಂದು ಅವರೆಕಾಳಿನಷ್ಟು ಸಾಕು. ಹಳೇ ಪಂಚೆಯ ತುಂಡಿನಿಂದ ಐದು ಹತ್ತು ನಿಮಿಷ ಹಗುರವಾಗಿ ಸುತ್ತು ಸುತ್ತಾಗಿ ಉಜ್ಜಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ನಲ್ಲಿ ಕೆಳಗೆ ಹಿಡಿಯಬೇಡಿ, ಅದಕ್ಕೆ ನೀರು ತಡೆಯಲ್ಲ. ಸಣ್ಣ ಗೀರೆಲ್ಲ ಹೋಗಿ ಅಂಕಿಗಳು ಎದ್ದು ಕಾಣ್ತವೆ. ಬಿರುಕು ಬಿಟ್ಟಿದ್ದರೆ ಅದು ಹೋಗಲ್ಲ. ಕೇಸಿಗೆ ಒಣಬಟ್ಟೆ ಬಿಟ್ಟು ಬೇರೇನೂ ಬೇಡ.

ಇನ್ನು ಸ್ಟೀಲ್ ವಾಚು. ಅದು ಒಳಗೂ ಹೊರಗೂ ಒಂದೇ ಸ್ಟೀಲು, ಅದಕ್ಕೆ ಧೈರ್ಯ. ಆದರೆ ಅದರಲ್ಲಿ ಎರಡು ಥರದ ಮೈ ಇದೆ, ನೋಡಿ. ಪಕ್ಕಗಳು ಕನ್ನಡಿ ಥರ, ಕಿವಿಗಳ ಮೇಲ್ಭಾಗ ಮಂದ, ಹತ್ತಿರದಿಂದ ನೋಡಿದರೆ ಬಾಚಿದ ಹಾಗೆ ನೇರ ಗೆರೆಗಳು. ಉಗುರನ್ನು ಗೀರಿಗೆ ಅಡ್ಡವಾಗಿ ಎಳೆಯಿರಿ. ಉಗುರು ಜಾರಿ ಹೋದರೆ ಉಜ್ಜಬಹುದು, ಸಿಕ್ಕಿಕೊಂಡರೆ ಬಿಟ್ಟುಬಿಡಿ. ಜೀಪಿನ ಬಾಗಿಲಿಗೆ ತಾಗಿ ಆದ ಆ ಒಂದು ಗೀರಿಗೆ ಉಗುರು ಸಿಕ್ಕೇ ಸಿಕ್ಕುತ್ತೆ. ಅದನ್ನು ತೆಗೆಯಬೇಕಂದ್ರೆ ಆ ಪಕ್ಕವನ್ನೆಲ್ಲ ಅಷ್ಟು ಇಳಿಸಬೇಕು, ಆಮೇಲೆ ಎರಡು ಪಕ್ಕ ಒಂದೇ ಸಮ ಇರಲ್ಲ. ಅದು ಹಾಗೇ ಇರಲಿ.

ಬಾಕಿ ಕೂದಲು ಗೀರುಗಳಿಗೆ ಮೊದಲು ಪಟ್ಟಿ ಬಿಚ್ಚಿ, ವಾಚನ್ನು ಚೆನ್ನಾಗಿ ಒರೆಸಿ. ಒಂದು ಮರಳಿನ ಕಣ ಉಳಿದರೂ ಹೊಸ ಗೀರು ನೀವೇ ಹಾಕಿದ ಹಾಗೆ. ಮಂದ ಭಾಗವನ್ನು ಅಂಚಿನವರೆಗೂ ಟೇಪಿನಿಂದ ಮುಚ್ಚಿ, ಗುಂಡಿಯ ಸುತ್ತಲೂ ಸುತ್ತಿ. ಆಮೇಲೆ ದೀಪ ಬೆಳಗೋಕೆ ಇಟ್ಟಿರುವ ಬ್ರಾಸೋ ಎರಡು ಹನಿ ಬಟ್ಟೆಗೆ ಹಾಕಿ ಕನ್ನಡಿ ಪಕ್ಕವನ್ನು ಮಾತ್ರ ಉದ್ದುದ್ದಕ್ಕೆ ಎರಡು ಮೂರು ನಿಮಿಷ ಉಜ್ಜಿ. ಬಟ್ಟೆ ಕಪ್ಪಾಗುತ್ತೆ, ಆ ಕಪ್ಪಿನಲ್ಲಿ ವಾಚಿನ ಸ್ಟೀಲೂ ಸೇರಿರುತ್ತೆ. ಒರೆಸಿ ಬಿಸಿಲಿಗೆ ಹಿಡಿದು ನೋಡಿ, ಗೀರು ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ. ಮಂದ ಭಾಗಕ್ಕೆ ಬ್ರಾಸೋ ತಾಗಿದರೆ ಅಲ್ಲಿ ಮಾತ್ರ ಹೊಳೆಯುವ ಮಚ್ಚೆ ಬೀಳುತ್ತೆ. ಅಮ್ಮನ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಿಂದ ಅದನ್ನು ಸರಿ ಮಾಡೋಕೆ ಹೋಗಬೇಡಿ, ಅದರ ಗೆರೆ ತುಂಬಾ ಒರಟು. ಆ ಭಾಗಕ್ಕೆ ಬೇಕಾದ ಸಣ್ಣ ಗೆರೆಯ ಪ್ಯಾಡು ನಾನು ಬರುವಾಗ ತರ್ತೀನಿ, ಮದುವೆಗೆ ಹತ್ತು ದಿನ ಮುಂಚೆಯೇ ಬರ್ತೀನಲ್ಲ.

ಮುಖ್ಯವಾಗಿ ನೋಡಬೇಕಾದ್ದು ಕನ್ನಡಿ ಮೈ ಮತ್ತು ಮಂದ ಮೈ ಸೇರುವ ಆ ಚೂಪು ಗೆರೆ. ವಾಚಿನ ಅಂದವೆಲ್ಲ ಅಲ್ಲೇ ಇರೋದು. ಬಫ್ ಚಕ್ರಕ್ಕೆ ಎರಡು ಸಲ ಕೊಟ್ಟರೆ ಅದು ಬಾಯಲ್ಲಿಟ್ಟು ಚೀಪಿದ ಪೆಪ್ಪರ್‌ಮೆಂಟಿನ ಹಾಗೆ ದುಂಡಗಾಗುತ್ತೆ. ನಮ್ಮಲ್ಲಿ ಲೇಸರಿನಿಂದ ಲೋಹ ಬೆಸೆದು ಆ ಗೆರೆಯನ್ನು ಮತ್ತೆ ಕಟ್ಟುತ್ತಾರೆ, ಆದರೆ ಅದರ ಖರ್ಚಿಗೆ ಇನ್ನೊಂದು ಅಂಥದೇ ವಾಚು ಬರುತ್ತೆ.

ಅಜ್ಜನ ವಾಚಿನ ಹಿಂದಿನ ಮುಚ್ಚಳದ್ದು, ಆ ಎಡಗಡೆ ಕಿವಿಯದ್ದು ಒಂದೊಂದು ಫೋಟೋ ತಮ್ಮನಿಗೆ ಹೇಳಿ ಕಳಿಸಿ, ಹಗಲು ಬೆಳಕಲ್ಲಿ ತೆಗೆಯಲಿ. ಮುಹೂರ್ತದ ದಿನ ನೀವು ಅದನ್ನೇ ಕಟ್ಟಿಕೊಳ್ಳಿ. ಬಿಚ್ಚಿದ ಮೇಲೆ ಬೆವರು ಒರೆಸಿಡಿ, ಅಷ್ಟು ಸಾಕು. ಅಮ್ಮನಿಗೆ ಅಪ್ಪೆಮಿಡಿ ಉಪ್ಪಿನಕಾಯಿ ನನಗೂ ಒಂದು ಜಾಡಿ ಎತ್ತಿಡೋಕೆ ಹೇಳಿ.

ನಿಮ್ಮ ಮಗ