ಊರಿಗೆ ಇರುವ ರಕ್ಷಣೆ, ಮಗುವಿಗೆ ಇರುವ ರಕ್ಷಣೆ: ದಡಾರ ಲಸಿಕೆಯ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಕಳೆದ ಪೋಷಕರ ಸಭೆಯಲ್ಲಿ ಮಕ್ಕಳ ಲಸಿಕೆ ದಾಖಲೆಯ ಪ್ರತಿಯನ್ನು ಕೇಳಿದಾಗ ತಮ್ಮಲ್ಲಿ ಕೆಲವರು ನ್ಯಾಯವಾದ ಒಂದು ಪ್ರಶ್ನೆಯನ್ನು ಎತ್ತಿದ್ದಿರಿ. ನೂರಕ್ಕೆ ತೊಂಬತ್ತೈದು ಮಕ್ಕಳಿಗೆ ಲಸಿಕೆ ಆದರೆ ಸಾಮೂಹಿಕ ರೋಗನಿರೋಧಕ ಶಕ್ತಿ, ಅಂದರೆ ಹರ್ಡ್ ಇಮ್ಯುನಿಟಿ, ಬಂದಂತೆ ಎಂದು ಪತ್ರಿಕೆಗಳು ಬರೆಯುತ್ತವೆ. ಹಾಗಿದ್ದ ಮೇಲೆ ನಮ್ಮ ಮಗುವಿಗೆ ಒಂದು ಡೋಸ್ ತಪ್ಪಿದ್ದರೆ ಏನು ತೊಂದರೆ ಎಂಬುದು ಆ ಪ್ರಶ್ನೆ. ಸಭೆಯ ಗಡಿಬಿಡಿಯಲ್ಲಿ ಅದಕ್ಕೆ ಪೂರ್ಣ ಉತ್ತರ ಕೊಡಲು ಆಗಲಿಲ್ಲವಾದ್ದರಿಂದ, ದಡಾರವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಪತ್ರವನ್ನು ಬರೆಯುತ್ತಿದ್ದೇನೆ.

ದಡಾರದ ವೈರಾಣು ಗಾಳಿಯಲ್ಲಿ ಹರಡುತ್ತದೆ. ರೋಗಿ ಕೆಮ್ಮಿ ಕೋಣೆಯಿಂದ ಹೊರಗೆ ಹೋದ ಮೇಲೂ ಸುಮಾರು ಎರಡು ಗಂಟೆಯವರೆಗೆ ಅದು ಆ ಕೋಣೆಯ ಗಾಳಿಯಲ್ಲಿ ಉಳಿದಿರಬಲ್ಲದು. ಮೈಮೇಲೆ ಕೆಂಪು ಗುಳ್ಳೆ ಕಾಣಿಸುವ ನಾಲ್ಕು ದಿನ ಮೊದಲಿನಿಂದಲೇ ಮಗು ರೋಗವನ್ನು ಹರಡುತ್ತಿರುತ್ತದೆ. ಆ ದಿನಗಳಲ್ಲಿ ತಾಯಿಗೂ ಶಿಕ್ಷಕರಿಗೂ ಕಾಣುವುದು ಜ್ವರ, ನೆಗಡಿ, ಕಣ್ಣು ಕೆಂಪಾಗಿರುವುದು ಇಷ್ಟೇ. ಯಾರಿಗೂ ರೋಗನಿರೋಧಕ ಶಕ್ತಿಯೇ ಇಲ್ಲದ ಜನರ ನಡುವೆ ಒಬ್ಬ ದಡಾರದ ರೋಗಿಯಿಂದ ಸರಾಸರಿ 12ರಿಂದ 18 ಜನರಿಗೆ ಸೋಂಕು ತಗುಲುತ್ತದೆ ಎಂದು ತಜ್ಞರು ಅಂದಾಜು ಮಾಡಿದ್ದಾರೆ.

ಪತ್ರಿಕೆಯಲ್ಲಿ ಬರುವ ಆ ಶೇಕಡಾವಾರು ಲೆಕ್ಕ ಹುಟ್ಟುವುದು ಇಲ್ಲಿಂದಲೇ. ನಡುವಿನ ಸಂಖ್ಯೆಯಾದ 15ನ್ನು ತೆಗೆದುಕೊಳ್ಳೋಣ. ಸೋಂಕು ತಗುಲಬಹುದಾಗಿದ್ದ ಆ 15 ಜನರಲ್ಲಿ 14 ಜನರಿಗೆ ಮೊದಲೇ ರೋಗನಿರೋಧಕ ಶಕ್ತಿ ಇದ್ದರೆ, ಒಬ್ಬ ರೋಗಿಯಿಂದ ಹೊಸದಾಗಿ ಒಬ್ಬನಿಗೆ ಮಾತ್ರ ರೋಗ ಬರುತ್ತದೆ. ಅದಕ್ಕಿಂತಲೂ ಹೆಚ್ಚು ಜನರಿಗೆ ಇದ್ದರೆ ರೋಗಿಗಳ ಸಂಖ್ಯೆ ಇಳಿಯುತ್ತಾ ಹೋಗಿ ಸರಪಳಿ ಕಡಿದುಹೋಗುತ್ತದೆ. 15ರಲ್ಲಿ 14 ಎಂದರೆ ಶೇ 93ಕ್ಕಿಂತ ತುಸು ಹೆಚ್ಚು. ಹೀಗಾಗಿ ಸಾಮೂಹಿಕ ರೋಗನಿರೋಧಕ ಶಕ್ತಿ ಎಂಬುದು ಒಂದು ಊರಿನಲ್ಲಿ, ಒಂದು ಕಾಲದಲ್ಲಿ, ರೋಗ ಎಷ್ಟು ದೂರ ಹರಡಬಲ್ಲದು ಎಂಬುದನ್ನು ಹೇಳುವ ಮಾತು. ತಮ್ಮ ಮಗುವಿನ ರಕ್ತದಲ್ಲಿ ಆ ವೈರಾಣುವನ್ನು ಎದುರಿಸುವ ಪ್ರತಿಕಾಯಗಳು ಇವೆಯೇ ಇಲ್ಲವೇ ಎಂಬುದನ್ನು ಅದು ಹೇಳುವುದಿಲ್ಲ.

ಇದು ನಮ್ಮಂಥ ಒಂದು ಶಾಲೆಯಲ್ಲಿ ಹೇಗೆ ಕಾಣುತ್ತದೆ ಎಂದು ನೋಡೋಣ. 400 ಮಕ್ಕಳ ಶಾಲೆಯಲ್ಲಿ 380 ಮಕ್ಕಳು ದಡಾರ-ರುಬೆಲ್ಲಾ ಲಸಿಕೆಯ ಎರಡೂ ಡೋಸ್ ಪಡೆದಿದ್ದಾರೆ, 20 ಮಕ್ಕಳು ಒಂದೂ ಡೋಸ್ ಪಡೆದಿಲ್ಲ ಎಂದಿಟ್ಟುಕೊಳ್ಳಿ. ಎರಡು ಡೋಸ್ ಪಡೆದ ನೂರರಲ್ಲಿ ಸುಮಾರು 97 ಮಂದಿಗೆ ರಕ್ಷಣೆ ಸಿಗುತ್ತದೆ. ಉಳಿದ ಮೂವರ ದೇಹ ಯಾವುದೋ ಕಾರಣದಿಂದ ಲಸಿಕೆಗೆ ಸರಿಯಾಗಿ ಸ್ಪಂದಿಸಿರುವುದಿಲ್ಲ. ಆದ್ದರಿಂದ ಆ 380ರಲ್ಲಿ ಸುಮಾರು 11 ಮಕ್ಕಳಿಗೂ ರಕ್ಷಣೆ ಇಲ್ಲ. ಶೇ 95ರಷ್ಟು ಲಸಿಕೆ ಆಗಿದೆ ಎಂದು ವರದಿ ಮಾಡಬಹುದಾದ ಶಾಲೆಯಲ್ಲಿ ನಿಜವಾಗಿ ರಕ್ಷಣೆ ಇರುವುದು 369 ಮಕ್ಕಳಿಗೆ, ಅಂದರೆ ಶೇ 92ರಷ್ಟಕ್ಕೆ ಮಾತ್ರ. ನಾವು ಮೇಲೆ ಲೆಕ್ಕ ಹಾಕಿದ ಗಡಿಗಿಂತ ಅದು ಸ್ವಲ್ಪ ಕೆಳಗೇ ಇದೆ. ಇನ್ನು ಆ 20 ಮಕ್ಕಳು ಒಂದೇ ಬೀದಿಯವರಾಗಿ, ಒಂದೇ ವ್ಯಾನಿನಲ್ಲಿ ಬರುವವರಾಗಿದ್ದರೆ, ಇಡೀ ಶಾಲೆಯ ಸರಾಸರಿ ಅವರ ಪಾಲಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ, ಏಕೆಂದರೆ ವೈರಾಣುವಿಗೆ ಎದುರಾಗುವುದು ಜಿಲ್ಲೆಯ ಸರಾಸರಿಯಲ್ಲ, ಆ ವ್ಯಾನಿನಲ್ಲಿ ಕುಳಿತಿರುವ ಮಕ್ಕಳು.

ಇದೇ ಲೆಕ್ಕವನ್ನು ಇನ್ನೂ ಸ್ವಲ್ಪ ಮುಂದುವರಿಸಬೇಕು, ಏಕೆಂದರೆ ಲಸಿಕೆಯ ಮೇಲಿನ ನಂಬಿಕೆ ಕದಡುವುದು ಹೆಚ್ಚಾಗಿ ಈ ಹಂತದಲ್ಲಿಯೇ. ರಕ್ಷಣೆ ಇಲ್ಲದ ಆ 31 ಮಕ್ಕಳಿಗೂ ದಡಾರ ಬಂದಿತೆಂದುಕೊಳ್ಳಿ. ಆಗ ರೋಗ ಬಂದವರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳು ಲಸಿಕೆ ಪಡೆದವರೇ ಎಂಬ ಸುದ್ದಿ ಬರುತ್ತದೆ. ಸುದ್ದಿ ಸುಳ್ಳಲ್ಲ, ಆದರೆ ಅದನ್ನು ಓದಿ ಲಸಿಕೆಯಿಂದ ಪ್ರಯೋಜನವಿಲ್ಲ ಎಂಬ ತೀರ್ಮಾನಕ್ಕೆ ಬರುವುದು ತಪ್ಪು. ಲಸಿಕೆ ಪಡೆಯದ 20ರಲ್ಲಿ 20 ಮಕ್ಕಳಿಗೂ ರೋಗ ಬಂದಿದೆ, ಪಡೆದ 380ರಲ್ಲಿ 11 ಮಕ್ಕಳಿಗೆ ಮಾತ್ರ ಬಂದಿದೆ. ಅಂಥ ಸುದ್ದಿ ಕಣ್ಣಿಗೆ ಬಿದ್ದಾಗ ರೋಗ ಬಂದವರ ಸಂಖ್ಯೆಯೊಂದನ್ನೇ ನೋಡದೆ, ಒಟ್ಟು ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ ಬಂತು ಎಂದು ಕೇಳಿಕೊಳ್ಳಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಮಗುವಿನ ಸ್ವಂತ ರೋಗನಿರೋಧಕ ಶಕ್ತಿ ಮಗು ಹೋದಲ್ಲೆಲ್ಲ ಅದರ ಜೊತೆಗೇ ಹೋಗುತ್ತದೆ. ಊರಿನ ರಕ್ಷಣೆ ಹಾಗಲ್ಲ. ರಜೆಯಲ್ಲಿ ಮಗು ಲಸಿಕೆ ಪ್ರಮಾಣ ಕಡಿಮೆ ಇರುವ ಇನ್ನೊಂದು ಊರಿಗೆ ಹೋದರೆ ಅದು ಇಲ್ಲಿಯೇ ಉಳಿದುಬಿಡುತ್ತದೆ. ಕೆಲವು ರೋಗಗಳಿಗಂತೂ ಊರಿನ ರಕ್ಷಣೆ ಎಂಬುದೇ ಇಲ್ಲ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ ಇದ್ದು ಗಾಯದ ಮೂಲಕ ದೇಹವನ್ನು ಸೇರುತ್ತದೆಯೇ ಹೊರತು ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಊರಿನ ಪ್ರತಿಯೊಬ್ಬರಿಗೂ ಲಸಿಕೆ ಆಗಿದ್ದು ಒಂದು ಮಗುವಿಗೆ ಮಾತ್ರ ಆಗಿರದಿದ್ದರೆ, ಆಟದ ಮೈದಾನದಲ್ಲಿ ಬಿದ್ದು ಮೊಣಕಾಲು ತರಚಿಕೊಂಡ ಆ ಮಗುವಿಗೆ ಉಳಿದವರ ಲಸಿಕೆಯಿಂದ ಎಳ್ಳಷ್ಟೂ ಸಹಾಯವಾಗುವುದಿಲ್ಲ. ಧನುರ್ವಾಯುವನ್ನು ತಡೆಯಲು 10 ಮತ್ತು 16ನೆಯ ವಯಸ್ಸಿನಲ್ಲಿ ಕೊಡುವ ಟಿಡಿ ಲಸಿಕೆಯ ಬಗ್ಗೆ ನಾವು ಪ್ರತಿ ಮಗುವಿನ ಹೆಸರು ಹಿಡಿದು ವಿಚಾರಿಸುವುದು ಇದಕ್ಕಾಗಿಯೇ.

ಇದಕ್ಕೆ ವಿರುದ್ಧವಾಗಿ, ಊರಿನ ರಕ್ಷಣೆಯನ್ನು ಬಿಟ್ಟರೆ ಬೇರೆ ಆಸರೆಯೇ ಇಲ್ಲದವರೂ ನಮ್ಮ ನಡುವೆ ಇದ್ದಾರೆ. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಕೊಡುವುದು ಒಂಬತ್ತು ತಿಂಗಳು ತುಂಬಿದ ಮೇಲೆ, ಆದ್ದರಿಂದ ಅದಕ್ಕಿಂತ ಚಿಕ್ಕ ಹಸುಗೂಸುಗಳಿಗೆ ಲಸಿಕೆಯ ರಕ್ಷಣೆ ಇರುವುದಿಲ್ಲ. ಈ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಾಣು ಇರುವುದರಿಂದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳಿಗೆ ಅದನ್ನು ಕೊಡುವಂತಿಲ್ಲ. ಊರಿನ ರಕ್ಷಣೆಯಲ್ಲಿ ಸಿಗುವ ಅಲ್ಪಸ್ವಲ್ಪ ಅವಕಾಶ ಇಂಥವರಿಗೆ ಸಲ್ಲಬೇಕಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಲಸಿಕೆ ಪಡೆಯಬಲ್ಲ ಆರೋಗ್ಯವಂತ ಮಗು ಆ ಜಾಗವನ್ನು ಆಕ್ರಮಿಸುವುದು ಸರಿಯಲ್ಲ.

ಮನೆಗಳಲ್ಲಿ ‘ನಮ್ಮ ಮಗುವಿಗೆ ಚಿಕ್ಕಂದಿನಲ್ಲಿ ಅಮ್ಮ ಬಂದು ಹೋಗಿದೆ, ಇನ್ನು ಲಸಿಕೆ ಬೇಡ’ ಎನ್ನುವ ಮಾತೂ ಇದೆ. ದಡಾರ ಒಮ್ಮೆ ಬಂದುಹೋದರೆ ಸಾಮಾನ್ಯವಾಗಿ ಜೀವನಪೂರ್ತಿ ರಕ್ಷಣೆ ಇರುತ್ತದೆ ಎಂಬುದು ನಿಜವೇ. ಆದರೆ ಸೀತಾಳೆ ಸಿಡುಬಿಗೂ, ದಡಾರಕ್ಕೂ, ಕೆಲವೊಮ್ಮೆ ಬೇರೆ ಗುಳ್ಳೆಗಳಿಗೂ ಅಮ್ಮ ಎಂದೇ ಹೇಳುವುದರಿಂದ ಆ ನೆನಪನ್ನು ದಾಖಲೆಯೆಂದು ಒಪ್ಪಲಾಗದು. ಮೊದಲೇ ದಡಾರ ಬಂದಿದ್ದ ಮಗುವಿಗೆ ಲಸಿಕೆ ಹಾಕಿಸಿದರೂ ಅದರಿಂದ ಹಾನಿಯಿಲ್ಲ.

ತಾಯಿ ಕಾರ್ಡಿನಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಎದುರು ಎರಡು ದಿನಾಂಕಗಳು ಇರಬೇಕು: ಒಂದು 9ರಿಂದ 12 ತಿಂಗಳೊಳಗಿನದು, ಇನ್ನೊಂದು 16ರಿಂದ 24 ತಿಂಗಳೊಳಗಿನದು. ಎರಡೂ ಇದ್ದರೆ ಆ ಪುಟದ ನಕಲು ಪ್ರತಿಯನ್ನು ತರಗತಿ ಶಿಕ್ಷಕರಿಗೆ ತಲುಪಿಸಿ. ಒಂದೇ ಇದ್ದರೆ, ಅಥವಾ ಕಾರ್ಡ್ ಕಳೆದುಹೋಗಿದ್ದರೆ, ತಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ವಿಚಾರಿಸಿ. ಮಗುವಿಗೆ ಐದು ವರ್ಷ ದಾಟಿದ್ದರೆ ತಪ್ಪಿದ ಡೋಸ್ ಬಗ್ಗೆ ವೈದ್ಯರ ಸಲಹೆ ಪಡೆಯಿರಿ. ಜ್ವರದ ಜೊತೆಗೆ ಮೈಮೇಲೆ ಕೆಂಪು ಗುಳ್ಳೆ ಕಂಡರೆ ಮಗುವನ್ನು ವೈದ್ಯರಿಗೆ ತೋರಿಸಿ, ಅದೇ ದಿನ ಶಾಲೆಗೂ ತಿಳಿಸಿ. ದಡಾರವೆಂದು ವೈದ್ಯರು ಹೇಳಿದಲ್ಲಿ ಗುಳ್ಳೆ ಕಾಣಿಸಿದ ದಿನದ ನಂತರ ಕನಿಷ್ಠ ನಾಲ್ಕು ದಿನ ಮಗುವನ್ನು ಶಾಲೆಗೆ ಕಳುಹಿಸಬೇಡಿ. ಆ ದಿನಗಳ ಹಾಜರಾತಿಯ ವಿಷಯವನ್ನು ನಾವು ನೋಡಿಕೊಳ್ಳುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು